ರಾತ್ರಿ ಕರಿ ಬಟ್ಟೆ ಹೊಲಿಯಬಾರದು

ಅಪ್ಪನ ಟೈಲರ್ ಅಂಗಡಿಗೆ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು. ಮೈಸೂರಿನ ಅಗ್ರಹಾರದ ಹಿಂದಿನ ಓಣಿಯೊಂದರಲ್ಲಿ ಒಂದೇ ಬಾಗಿಲಿನ ಮಳಿಗೆ ಅದು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಸೂಜಿಗೆ ದಾರ ಪೋಣಿಸುವುದು ಮೊದಲಿನ ಹಾಗೆ ಆಗುತ್ತಿಲ್ಲ ಎಂದು ಒಂದು ದಿನ ಮೆಷಿನ್ನಿಗೆ ಹಳೇ ಪಂಚೆ ಹೊದಿಸಿ, ಶಟರ್ ಎಳೆದು ಮನೆಗೆ ಬಂದುಬಿಟ್ಟರು. ನಾನು ಆಗ ಬೆಂಗಳೂರಿನಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿದ್ದೆ. ನೆಂಟರು ಕೇಳಿದರೆ ಅಪ್ಪ, 'ಅದೇನೋ ಫೋಟೋ ಕೆಲಸ' ಎಂದು ಮಾತು ಮುಗಿಸುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗೆಳೆಯನೊಬ್ಬ ಕಿರುಚಿತ್ರ ಮಾಡುತ್ತೇನೆ, ಕ್ಯಾಮೆರಾ ನೀನೇ ಮಾಡು ಎಂದಾಗ ಆ ಅಂಗಡಿ ನೆನಪಾಯಿತು. ಕಥೆಯ ಕೊನೆಯ ಶಾಟ್ ಹೀಗಿತ್ತು: ರಾತ್ರಿ. ಓಣಿಯಲ್ಲಿ ಒಂದೇ ಅಂಗಡಿ ತೆರೆದಿದೆ. ಒಳಗೆ ವಯಸ್ಸಾದ ಟೈಲರ್ ಹೊಲಿಯುತ್ತಿದ್ದಾನೆ. ಬಹಳ ವರ್ಷದ ಹಿಂದೆ ಮನೆ ಬಿಟ್ಟುಹೋದ ಮಗ ಓಣಿಯ ಆ ತುದಿಯಿಂದ ನಡೆದು ಬಂದು ಅಂಗಡಿಯ ಮುಂದೆ ನಿಲ್ಲುತ್ತಾನೆ. ಮಾತಿಲ್ಲ, ಕಟ್ ಇಲ್ಲ, ನಲವತ್ತು ಸೆಕೆಂಡು ಒಂದೇ ಶಾಟ್. ಅಂಗಡಿ ಫ್ರೇಮಿನ ಎಡಕ್ಕೆ, ಹತ್ತಿರದಲ್ಲಿ. ಬಲಕ್ಕೆ ಓಣಿ ಉದ್ದಕ್ಕೆ ಹಿಂದೆ ಸರಿಯುತ್ತದೆ.

ಕಾಗದದ ಮೇಲೆ ಇದು ಸುಲಭ. ಒಂದು ವಾಕ್ಯ ಆದಮೇಲೆ ಇನ್ನೊಂದು ಬರುತ್ತದೆ, ಓದುಗ ಬೇರೆ ದಾರಿ ಹಿಡಿಯುವಂತಿಲ್ಲ. ಫ್ರೇಮಿನಲ್ಲಿ ಎಲ್ಲವೂ ಒಟ್ಟಿಗೇ ಇರುತ್ತದೆ. ನೋಡುವವನ ಕಣ್ಣು ಮೊದಲು ಟೈಲರ್‌ನ ಕೈಗೆ ಹೋಗಬೇಕು. ಅಲ್ಲಿ ಸ್ವಲ್ಪ ಹೊತ್ತು ನಿಂತಮೇಲೆ ದೂರದಲ್ಲಿ ಯಾರೋ ಅಲುಗಿದ್ದು ಕಾಣಬೇಕು. ಅದು ಯಾರೆಂದು ಅವನು ಬೆಳಕಿಗೆ ಬಂದಾಗಲಷ್ಟೇ ತಿಳಿಯಬೇಕು. ಈ ಸರದಿ ತಪ್ಪಿದರೆ ಕಥೆಯೇ ಇಲ್ಲ. ಮಗನ ಮುಖ ಹತ್ತು ಸೆಕೆಂಡು ಮುಂಚೆ ಕಂಡರೂ ಮಿಕ್ಕ ಮೂವತ್ತು ಸೆಕೆಂಡು ಸುಮ್ಮನೆ ಯಾರೋ ನಡೆದುಕೊಂಡು ಬಂದ ಹಾಗಾಗುತ್ತದೆ.

ಶೂಟಿಂಗಿಗೆ ಒಂದು ವಾರ ಮುಂಚೆ ಟೆಸ್ಟ್ ಮಾಡಿದೆವು. ಅಂಗಡಿಯಲ್ಲಿ ಒಂದು ಒಂಬತ್ತು ವ್ಯಾಟ್ ಎಲ್‌ಇಡಿ ಬಲ್ಬು, ಓಣಿಯಲ್ಲಿ ಈಗಿನ ಬಿಳಿ ಬೀದಿದೀಪಗಳು. ನಟನ ಮುಖ ಕತ್ತಲಾಯಿತು ಎಂದು ಕ್ಯಾಮೆರಾದ ಪಕ್ಕದಿಂದ ಒಂದು ದೊಡ್ಡ ಎಲ್‌ಇಡಿ ಪ್ಯಾನೆಲ್ ಹಾಕಿದೆ. ಎಲ್ಲ ಕಂಡಿತು. ಗೋಡೆಯ ಸುಣ್ಣ, ಕರೆಂಟ್ ವೈರು, ನಿಲ್ಲಿಸಿದ ಸ್ಕೂಟರು, ಟೈಲರು, ಮಗ, ಎಲ್ಲ. ಮದುವೆ ವೀಡಿಯೋ ಥರ ಇತ್ತು.

ಆ ಟೇಕನ್ನು ನಮ್ಮ ಲೈಟ್‌ಮನ್‌ಗೆ ತೋರಿಸಿದೆ. ಮೂವತ್ತು ವರ್ಷ ಸೆಟ್ಟುಗಳಲ್ಲಿ ದೀಪ ಹೊತ್ತ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರು ಏನೂ ಹೇಳದೆ ನನ್ನ ಫೋನಿನಲ್ಲಿ ಆ ಚಿತ್ರವನ್ನು ಕಪ್ಪು ಬಿಳುಪು ಮಾಡಿ, ಕೈ ದೂರ ಚಾಚಿ ಕಣ್ಣು ಕಿರಿದು ಮಾಡಿ ನೋಡಿದರು. 'ಈಗ ಹೇಳಿ ಸಾರ್, ಇದರಲ್ಲಿ ನಿಮ್ಮ ಟೈಲರ್ ಎಲ್ಲವ್ನೆ?' ಎಲ್ಲ ಬೂದಿ ಬಣ್ಣ. ಇದ್ದುದರಲ್ಲಿ ಹೆಚ್ಚು ಬೆಳ್ಳಗಿದ್ದದ್ದು ಫ್ರೇಮಿನ ಬಲತುದಿಯ ಮನೆಯೊಂದರ ಟ್ಯೂಬ್‌ಲೈಟು. ನೋಡುವವನ ಕಣ್ಣು ಅಲ್ಲಿಗೆ ಹೋಗಿ ಹಾಗೇ ಫ್ರೇಮಿನಿಂದ ಆಚೆ ಬೀಳುತ್ತಿತ್ತು. 'ಮೊದಲು ಕಪ್ಪು ಬಿಳುಪಲ್ಲಿ ನಿಲ್ಲಲಿ, ಆಮೇಲೆ ಬಣ್ಣ' ಎಂದರು. ಅವರು ಮಾತು ಮಾತಿಗೂ ವಿ.ಕೆ. ಮೂರ್ತಿಯವರ ಹೆಸರು ತೆಗೆಯುತ್ತಿದ್ದರು. ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ, ಖಾಲಿ ಸ್ಟುಡಿಯೋದೊಳಗೆ ಬೀಳುವ ಆ ದೊಡ್ಡ ಬೆಳಕಿನ ಕೋಲನ್ನು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ತಂದವರು. ಮೇಷ್ಟ್ರು ಅದನ್ನು ನೆನೆದದ್ದು ಕನ್ನಡಿಗಾಗಿ ಅಲ್ಲ. ಆ ಶಾಟಿನಲ್ಲಿ ಉಳಿದ ಜಾಗವನ್ನೆಲ್ಲ ಕತ್ತಲಿಗೆ ಬಿಟ್ಟಿದ್ದರಲ್ಲ, ಅದಕ್ಕಾಗಿ.

ಹಾಗಾಗಿ ಶೂಟಿಂಗ್ ದಿನ ದೀಪ ಹಚ್ಚುವುದಕ್ಕಿಂತ ಮುಂಚೆ ಆರಿಸುವ ಕೆಲಸ ಶುರುವಾಯಿತು. ಟ್ಯೂಬ್‌ಲೈಟಿನ ಮನೆಯ ಅಮ್ಮನನ್ನು ಕೇಳಿದರೆ, 'ಸೀರಿಯಲ್ ಮುಗೀಲಿ ಮಗಾ, ಆರಿಸ್ತೀನಿ' ಎಂದರು. ಒಂಬತ್ತೂವರೆಗೆ ಆರಿಸಿದರು. ಬೀದಿದೀಪಗಳು ಎರಡು. ಒಂದು ಅಂಗಡಿಯ ಹತ್ತಿರ, ಕ್ಯಾಮೆರಾದ ಬೆನ್ನಿಗೆ. ಇನ್ನೊಂದು ಓಣಿಯ ಆ ತುದಿಯ ತಿರುವಿನಾಚೆ, ಕಂಬ ಫ್ರೇಮಿನಲ್ಲಿ ಕಾಣದ ಹಾಗೆ. ಹತ್ತಿರದ್ದನ್ನು ಒಂದು ರಾತ್ರಿ ಆರಿಸಿಕೊಡಿ ಎಂದು ಸಂಬಂಧಪಟ್ಟವರಿಗೆ ಬರೆದಿದ್ದೆವು, ಉತ್ತರ ಬರಲಿಲ್ಲ. ಕಂಬಕ್ಕೆ ಕೈ ಹಾಕುವಂತಿಲ್ಲ, ಹಾಕಲೂಬಾರದು. ಮೇಷ್ಟ್ರು ಎದುರು ಮನೆಯ ತಾರಸಿಯಿಂದ ಬಿದಿರಿಗೆ ಕಟ್ಟಿದ ಕರಿ ಬಟ್ಟೆಯೊಂದನ್ನು ಕಂಬದಿಂದ ದೂರದಲ್ಲೇ ಇಳಿಬಿಟ್ಟು, ಆ ದೀಪದ ಬೆಳಕು ಅಂಗಡಿಯ ಮೇಲೆ ಬೀಳದಂತೆ ತಡೆದರು. ದೂರದ ದೀಪವನ್ನು ಹಾಗೇ ಬಿಟ್ಟೆವು. ಅದು ನಮಗೆ ಬೇಕಿತ್ತು.

ಇನ್ನು ಅಂಗಡಿಯೊಳಗಿನ ದೀಪ. ಫ್ರೇಮಿನೊಳಗೇ ಕಾಣುವ, ಆ ಜಾಗದಲ್ಲಿ ನಿಜವಾಗಿಯೂ ಇರಬಹುದಾದ ದೀಪಕ್ಕೆ ಸಿನಿಮಾದವರು ಪ್ರಾಕ್ಟಿಕಲ್ ಎನ್ನುತ್ತಾರೆ. ಟೇಬಲ್ ಲ್ಯಾಂಪು, ಟೀ ಅಂಗಡಿಯ ಬಲ್ಬು, ದೇವರ ಗೂಡಿನ ಹಣತೆ, ಎಲ್ಲವೂ ಅದೇ. ಇದರಲ್ಲೊಂದು ತೊಡಕಿದೆ. ಬಲ್ಬು ನಟನ ಮುಖ ಬೆಳಗುವಷ್ಟು ಪ್ರಖರವಾಗಿದ್ದರೆ ಫ್ರೇಮಿನಲ್ಲಿ ಬಲ್ಬೇ ಸುಟ್ಟು ಬಿಳಿ ತೂತಿನ ಹಾಗೆ ಕಾಣುತ್ತದೆ. ಬಲ್ಬು ಚೆನ್ನಾಗಿ ಕಾಣುವಷ್ಟು ತಗ್ಗಿಸಿದರೆ ಮುಖ ಕತ್ತಲು. ಆದ್ದರಿಂದ ಸಾಮಾನ್ಯವಾಗಿ ಬಲ್ಬು ಬೆಳಗಿದಂತೆ ನಟಿಸುತ್ತದೆ, ಅದೇ ದಿಕ್ಕಿನಲ್ಲಿ ಬಚ್ಚಿಟ್ಟ ಇನ್ನೊಂದು ದೀಪ ಕೆಲಸ ಮಾಡುತ್ತದೆ.

ಎಲ್‌ಇಡಿ ಬಲ್ಬನ್ನು ಫ್ಯಾನಿನ ರೆಗ್ಯುಲೇಟರಿಗೆ ಸಿಕ್ಕಿಸಿ ತಗ್ಗಿಸಲು ನೋಡಿದೆ. ಮಾನಿಟರಿನಲ್ಲಿ ಅದು ಪಟಪಟ ಮಿಣುಕಿತು. ಕೊನೆಗೆ ಹಳೇ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಉಳಿದಿದ್ದ ನಲವತ್ತು ವ್ಯಾಟಿನ ತಂತಿ ಬಲ್ಬುಗಳು ಸಿಕ್ಕವು. ತಂತಿ ಬಲ್ಬಿಗೆ ಡಿಮ್ಮರ್ ಹಾಕಿದರೆ ಬೆಳಕು ತಗ್ಗುವುದಷ್ಟೇ ಅಲ್ಲ, ಇನ್ನಷ್ಟು ಕೆಂಪಗೂ ಆಗುತ್ತದೆ. ಅದಕ್ಕೆ ಅಪ್ಪನ ಹಳೇ ತಗಡಿನ ಛತ್ರಿ ಹಾಕಿ, ಮೆಷಿನ್ನಿನ ಮೇಲೆ ನಟ್ಟನಡುವೆ ತೂಗುಹಾಕಿದೆ. ಬಾಗಿಲ ಚೌಕಟ್ಟಿನ ಹಿಂದೆ ಸಣ್ಣ ಪ್ಯಾನೆಲ್ಲೊಂದನ್ನು ಅದೇ ಬಣ್ಣಕ್ಕೆ ತಿರುಗಿಸಿ ಬಚ್ಚಿಟ್ಟೆ. ಮಾನಿಟರಿನಲ್ಲಿ ನೋಡಿದರೆ ನಟನ ತಲೆ ಮಿಂಚುತ್ತಿತ್ತು, ಕಣ್ಣಿನ ಗೂಡುಗಳು ಕಪ್ಪು, ಕೈ ಇರಬೇಕಾದಲ್ಲಿ ಮೆಷಿನ್ನಿನ ನೆರಳು. ಪ್ಯಾನೆಲ್ ಜೋರು ಮಾಡಿದೆ. ಮುಖ ಕಂಡಿತು, ಆದರೆ ಮತ್ತೆ ಮದುವೆ ವೀಡಿಯೋ.

ಅಪ್ಪ ಆ ಹೊತ್ತಿಗೆ ಊಟ ಮುಗಿಸಿ ಮಫ್ಲರ್ ಸುತ್ತಿಕೊಂಡು ಬಂದು ಕ್ಯಾಮೆರಾದ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಸಹಾಯಕ್ಕೆ ಬಂದವರಲ್ಲ, ಅಂಗಡಿ ಕೀ ಅವರ ಹತ್ತಿರ ಇತ್ತು ಅಷ್ಟೆ. ನಾನು ಮೂರನೇ ಸಲ ಏಣಿ ಹತ್ತಿದಾಗ ಅಂದರು, 'ಬಲ್ಬು ಅಲ್ಲಿರ್ತಿರಲಿಲ್ಲ ಕಣೋ.'

'ಮತ್ತೆಲ್ಲಿ ಅಪ್ಪ?'

'ಎಡಗಡೆ. ಕೆಳಗೆ. ಕೂತ್ರೆ ಹಣೆ ಮಟ್ಟಕ್ಕೆ. ಮೆಷಿನ್ ತೋಳು ಬಲಗಡೆ ಇರುತ್ತೆ, ಸೂಜಿ ಎಡಕ್ಕೆ. ಮೇಲಿಂದ ಬೆಳಕು ಬಿದ್ರೆ ತಲೆ ನೆರಳೇ ಸೂಜಿ ಮೇಲೆ ಬೀಳುತ್ತೆ. ಹೊಲಿಯೋದು ಹೇಗೆ?'

ಹೌದಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯ ತನ್ನ ಕೈ ಕಾಣಲಿ ಎಂದೇ ತೂಗುಹಾಕಿಕೊಂಡಿದ್ದ ದೀಪವನ್ನು ನಾನು ಅಂದಕ್ಕೆಂದು ನಡುವಿಗೆ ತಂದಿದ್ದೆ. ಗೋಡೆಯಲ್ಲಿ ಅವರು ಹೊಡೆದಿದ್ದ ಮೊಳೆ ಇನ್ನೂ ಹಾಗೇ ಇತ್ತು. ಬಲ್ಬನ್ನು ಅದಕ್ಕೆ ಸಿಕ್ಕಿಸಿದೆವು. ಈಗ ಬಲ್ಬಿನಿಂದ ಕೈಗೆ ಒಂದೂವರೆ ಅಡಿ, ಬಲಭುಜಕ್ಕೆ ಹತ್ತಿರಹತ್ತಿರ ಮೂರಡಿ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ದೀಪ ಹತ್ತಿರವಿದ್ದಾಗ ಬೆಳಕು ಬೇಗ ಸೋಲುತ್ತದೆ: ಕೈ ಉಜ್ವಲ, ಮುಖ ಅದಕ್ಕಿಂತ ಮಂಕು, ಭುಜ ಇನ್ನೂ ಮಂಕು, ಹಿಂದಿನ ಕಪಾಟು ಇದ್ದೂ ಇಲ್ಲದ ಹಾಗೆ. ಕಣ್ಣು ಮೊದಲು ಕೈಗೆ ಹೋಗಬೇಕು ಎಂದು ನಾವು ಸಂಜೆಯಿಂದ ಒದ್ದಾಡಿದ್ದು ಒಂದು ಮೊಳೆಯಿಂದ ಆಯಿತು. ಛತ್ರಿಯ ಅಂಚು ಬಲ್ಬನ್ನು ಕ್ಯಾಮೆರಾದಿಂದ ಮರೆಮಾಡಿದ್ದರಿಂದ ಅದನ್ನು ಪೂರ್ತಿ ಉರಿಸಬಹುದಿತ್ತು. ಬಚ್ಚಿಟ್ಟ ಪ್ಯಾನೆಲ್ ಬೇಕಾಗಲೇ ಇಲ್ಲ.

ಮುಖ ಮಾತ್ರ ಇನ್ನೂ ತುಸು ಹೆಚ್ಚೇ ಕತ್ತಲೆ. ನಟ ಹೊಲಿಯುತ್ತಿದ್ದದ್ದು ಕಪ್ಪು ಪ್ಯಾಂಟ್ ಬಟ್ಟೆ. ಅಪ್ಪ ಅದನ್ನು ನೋಡಿ ನಕ್ಕರು. 'ರಾತ್ರಿ ಯಾರಾದ್ರೂ ಕರಿ ಬಟ್ಟೆ ಹೊಲಿತಾರೇನೋ? ಕರಿ ಬಟ್ಟೆ ಮೇಲೆ ಕರಿ ದಾರ, ಏನು ಕಾಣುತ್ತೆ? ಅದು ಹಗಲಿಗೆ. ರಾತ್ರಿಗೆ ಸ್ಕೂಲ್ ಮಕ್ಕಳ ಷರಟು ಎತ್ತಿಡ್ತಿದ್ದೆ.' ಮನೆಯಿಂದ ಒಂದು ಬಿಳಿ ಷರಟಿನ ಬಟ್ಟೆ ತರಿಸಿ ಮೆಷಿನ್ ಮೇಲೆ ಹರಡಿದೆವು. ಬಲ್ಬಿನ ಬೆಳಕು ಬಿಳಿ ಬಟ್ಟೆಗೆ ಬಿದ್ದು, ಅಲ್ಲಿಂದ ಮೇಲೆದ್ದು ನಟನ ಗಲ್ಲಕ್ಕೆ, ಕೆನ್ನೆಗೆ, ಕನ್ನಡಕದ ಕೆಳಗಂಚಿಗೆ ಮೆತ್ತಗೆ ಹತ್ತಿತು. ಸೆಟ್ಟಿನಲ್ಲಿ ಇದೇ ಕೆಲಸಕ್ಕೆ ನಾವು ಬಿಳಿ ಥರ್ಮಕೋಲ್ ಹಿಡಿಯುತ್ತೇವೆ. ಮೇಷ್ಟ್ರು ಕೈಯಲ್ಲಿದ್ದ ಥರ್ಮಕೋಲನ್ನು ಗೋಡೆಗೆ ಒರಗಿಸಿಟ್ಟು ಅಪ್ಪನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತರು. ಅವತ್ತು ರಾತ್ರಿಯೆಲ್ಲ ಇಬ್ಬರೂ ಒಂದೇ ಫ್ಲಾಸ್ಕಿನ ಟೀ ಕುಡಿದರು.

ಬಣ್ಣದ ವಿಷಯದಲ್ಲಿ ನನಗೂ ಗೆಳೆಯನಿಗೂ ಸಣ್ಣ ಜಗಳವಾಯಿತು. ರಾತ್ರಿ ಅಂದರೆ ನೀಲಿ, ಓಣಿಗೆಲ್ಲ ನೀಲಿ ಕಾಗದ ಹಾಕಿದ ದೀಪ ಬೇಕು ಎಂಬುದು ಅವನ ಹಟ. ಬೆಳದಿಂಗಳೇನೂ ನೀಲಿಯಲ್ಲ, ಚಂದ್ರನಿಗೆ ಬಡಿದು ಬಂದ ಬಿಸಿಲೇ ಅದು. ಮಂಕು ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಬೇಗ ಕಳೆದುಕೊಳ್ಳುವುದರಿಂದ ಹಾಗನ್ನಿಸುತ್ತದೆ, ಸಿನಿಮಾಗಳು ಅದನ್ನೇ ರೂಢಿ ಮಾಡಿವೆ. ನಮಗೆ ನೀಲಿ ಕಾಗದವೇ ಬೇಕಿರಲಿಲ್ಲ. ದೂರದ ಬೀದಿದೀಪದ ಬೆಳಕು ಸುಮಾರು 5700 ಕೆಲ್ವಿನ್, ಅಂದರೆ ತಣ್ಣನೆ ಬಿಳಿ. ಬಲ್ಬಿನದ್ದು 2700ರ ಆಸುಪಾಸು, ಬೆಚ್ಚನೆ ಹಳದಿ. ಕ್ಯಾಮೆರಾಕ್ಕೆ ಯಾವುದನ್ನು ಬಿಳಿ ಎಂದು ತಿಳಿ ಎಂದು ನಾವು ಹೇಳಬೇಕು. 5600 ಎಂದು ಹೇಳಿದರೆ ಓಣಿ ಸಾದಾ ಬಿಳಿಯಾಗಿ, ಟೈಲರ್‌ಗೆ ಕಾಮಾಲೆ ಬಂದಂತೆ ಕಾಣುತ್ತದೆ. 3200 ಎಂದರೆ ಅಂಗಡಿ ಸರಿಹೋಗಿ ಓಣಿ ದೆವ್ವದ ಸಿನಿಮಾ ಆಗುತ್ತದೆ. 4000ಕ್ಕೆ ಇಟ್ಟೆವು. ಎರಡರ ನಡುವೆ ನಿಂತದ್ದರಿಂದ ಒಂದು ತುಸು ನೀಲಿಯತ್ತ, ಇನ್ನೊಂದು ಕಿತ್ತಳೆಯತ್ತ ತಾನಾಗಿಯೇ ಸರಿದವು.

ಎರಡು ಬಣ್ಣ ಇದ್ದಮಾತ್ರಕ್ಕೆ ಕಣ್ಣು ದಾರಿ ಹಿಡಿಯುವುದಿಲ್ಲ. ಫ್ರೇಮಿನಲ್ಲಿ ಅರ್ಧ ನೀಲಿ, ಅರ್ಧ ಕಿತ್ತಳೆ ಇರುವ ಪೋಸ್ಟರುಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅವುಗಳಲ್ಲಿ ಎರಡೂ ಒಂದೇ ಸಮನೆ ಕೂಗುತ್ತವೆ. ನಮ್ಮ ಫ್ರೇಮಿನಲ್ಲಿ ಬೆಚ್ಚನೆ ಬಣ್ಣ ಎಂಟನೇ ಒಂದು ಭಾಗವೂ ಇರಲಿಲ್ಲ. ಸುತ್ತ ತಣ್ಣಗಿರುವಲ್ಲಿ ಒಂದೇ ಕಡೆ ಬೆಚ್ಚಗಿದ್ದರೆ ಚಳಿಯಲ್ಲಿ ನಡೆದು ಬಂದವನ ಹಾಗೆ ಕಣ್ಣು ಅಲ್ಲಿಗೇ ಹೋಗುತ್ತದೆ. ಇದೇ ಲೆಕ್ಕದಲ್ಲಿ ಮಗನಿಗೆ ಹಾಕಿದ್ದ ಕೆಂಪು ಷರಟು ಬಿಚ್ಚಿಸಿ ಮಾಸಿದ ಬೂದು ಷರಟು ಹಾಕಿಸಿದೆವು. ಬೆಚ್ಚನೆ ಬಣ್ಣ ಅಂಗಡಿಯ ಸ್ವತ್ತು. ಅವನು ಅಂಗಡಿಗೆ ಬಂದಮೇಲೇ ಅದು ಅವನಿಗೆ ಸಿಗಬೇಕು.

ಉಳಿದದ್ದು ಆ ಮಗ. ಬೂದು ಷರಟು, ಮಾಸಿದ ಗೋಡೆ, ಕತ್ತಲು. ದೂರದಲ್ಲಿ ಅವನು ನಡೆದರೆ ಏನೂ ಕಾಣುತ್ತಿರಲಿಲ್ಲ. ಮುಂದಿನಿಂದ ಬೆಳಕು ಹಾಕಿದರೆ ಮುಖ ಕಂಡುಬಿಡುತ್ತದೆ. ಇಲ್ಲಿ ಬೇಕಿದ್ದದ್ದು ರಿಮ್ ಲೈಟ್, ಹಿಂದಿನಿಂದ ಓರೆಯಾಗಿ ಬಿದ್ದು ದೇಹದ ಅಂಚನ್ನಷ್ಟೇ ಗೀಚುವ ದೀಪ. ಓಣಿಯ ಆ ತುದಿಯ ಮನೆಯ ಮೊದಲ ಮಹಡಿಯ ಬಾಲ್ಕನಿಯಲ್ಲಿ, ಸುಮಾರು ಹದಿನೈದಡಿ ಎತ್ತರದಲ್ಲಿ ಒಂದು ಎಲ್‌ಇಡಿ ದೀಪ ಇಟ್ಟೆವು. ಅದರ ಬಣ್ಣ ಬೀದಿದೀಪದ್ದೇ, ದಿಕ್ಕೂ ಅದರದ್ದೇ. ಹಾಗಿದ್ದರೆ ಈ ಬೆಳಕು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಲೆನ್ಸಿಗೆ ನೇರ ಬಡಿಯದ ಹಾಗೆ ಅದಕ್ಕೊಂದು ಕರಿ ರಟ್ಟು.

ಮೊದಲು ಅದನ್ನು ಜೋರಾಗಿ ಇಟ್ಟಿದ್ದೆ. ಹುಡುಗನ ಸುತ್ತ ಬಿಳಿ ಗೆರೆ ಎದ್ದು, ಕತ್ತರಿಸಿ ಅಂಟಿಸಿದ ಚಿತ್ರದ ಹಾಗೆ ಗೋಡೆಯಿಂದ ಕಿತ್ತುಬಂದ. ಕೆಟ್ಟದ್ದೆಂದರೆ ಕಣ್ಣು ಮೊದಲೇ ಅಲ್ಲಿಗೆ ಹೋಯಿತು. ತಗ್ಗಿಸುತ್ತಾ ಬಂದು, ಟೈಲರ್‌ನ ಕೈಯ ಮೇಲಿನ ಬೆಳಕಿಗಿಂತ ಒಂದು ಸ್ಟಾಪ್ ಕೆಳಗೆ, ಅಂದರೆ ಅದರ ಅರ್ಧಕ್ಕೆ ನಿಲ್ಲಿಸಿದೆ. ನಿಂತಾಗ ಕಾಣಲಿಲ್ಲ, ನಡೆದಾಗ ಕಂಡ. ಬೇಕಿದ್ದದ್ದು ಅದೇ. ದೂರದ ಸಣ್ಣ ಆಕೃತಿಯನ್ನು ಕಣ್ಣು ಹಿಡಿಯುವುದು ಅದರ ಬೆಳಕಿಗಿಂತ ಹೆಚ್ಚಾಗಿ ಅಲುಗಾಟದಿಂದ.

ಓಣಿಯ ನೆಲ ಮಾತ್ರ ಸತ್ತಂತಿತ್ತು. ನಾಲ್ಕು ಡ್ರಮ್ಮು ನೀರು ತಂದು ಚೆಲ್ಲಿದೆವು. ಬೇಸಿಗೆಯಲ್ಲಿ ಬೀದಿಗೆ ನೀರು ಚೆಲ್ಲುವವರನ್ನು ಓಣಿಯವರು ಯಾವ ಕಣ್ಣಿನಿಂದ ನೋಡಿದರೆಂದು ಬರೆಯುವುದಿಲ್ಲ. ಒದ್ದೆ ಟಾರು ಇನ್ನೂ ಕಪ್ಪಾಗುತ್ತದೆ, ಆದರೆ ಕ್ಯಾಮೆರಾಕ್ಕೆ ಎದುರಾಗಿ ಬರುವ ಬೆಳಕನ್ನು ಕನ್ನಡಿಯ ಹಾಗೆ ತಿರುಗಿಸಿಕೊಡುತ್ತದೆ. ಕ್ಯಾಮೆರಾದ ಬೆನ್ನಿನಿಂದ ಬರುವ ಬೆಳಕಿಗೆ ಅದು ಹೆಚ್ಚೇನೂ ಮಾಡುವುದಿಲ್ಲ. ಹಾಗಾಗಿ ರಿಮ್ ದೀಪ ಇಲ್ಲದೆ ನೀರು ಚೆಲ್ಲಿದ್ದರೆ ಚೆಲ್ಲಿದ್ದಷ್ಟೇ ಬಂತು. ನೀರು ಚೆಲ್ಲುವ ಮುಂಚೆ ವೈರುಗಳನ್ನೆಲ್ಲ ಕಿಟಕಿಯ ಕಂಬಿಗಳಿಗೆ ಎತ್ತಿ ಕಟ್ಟಿಸಿದ್ದು ಮೇಷ್ಟ್ರು. ಆ ವಿಷಯದಲ್ಲಿ ಮಾತ್ರ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಮೊದಲ ಟೇಕು ಹನ್ನೆರಡೂವರೆಗೆ. ಹುಡುಗ ನಡೆದು ಬಂದ. ಅರ್ಧ ಓಣಿ ದಾಟುತ್ತಿದ್ದಂತೆ ನಾನು ಲೆಕ್ಕ ಹಾಕದ್ದೊಂದು ನಡೆಯಿತು. ಹಿಂದಿನ ದೀಪದಿಂದ ಅವನ ನೆರಳು ಮುಂದಕ್ಕೆ, ನಮ್ಮ ಕಡೆಗೆ ಬಿದ್ದಿತ್ತು. ದೀಪದಿಂದ ದೂರ ಬಂದಷ್ಟೂ ಅದು ಉದ್ದವಾಗುತ್ತಾ, ಒದ್ದೆ ನೆಲದ ಮಿನುಗನ್ನು ಅಳಿಸುತ್ತಾ ಬಂದು, ಅವನು ಇನ್ನೂ ಮೂವತ್ತಡಿ ದೂರ ಇರುವಾಗಲೇ ಅಂಗಡಿಯ ಮೆಟ್ಟಿಲ ಹತ್ತಿರ ತಲುಪಿತು. ಬಲ್ಬಿನ ಹಳದಿ ಚೆಲ್ಲಿದ್ದ ಜಾಗಕ್ಕೆ ಬಂದಾಗ ನೆರಳಿನ ಕಪ್ಪು ಹೋಗಿ ಅಲ್ಲಿ ಹಳದಿ ಇನ್ನಷ್ಟು ಗಟ್ಟಿಯಾಯಿತು. ಅಷ್ಟರ ತನಕ ಅಲ್ಲಿ ಬೆರೆತಿದ್ದ ತಣ್ಣನೆ ಬೆಳಕನ್ನು ನೆರಳು ತಡೆದಿತ್ತು. ನಾನು ಕಟ್ ಅನ್ನಬೇಕೋ ಬೇಡವೋ ಎಂದು ಗೆಳೆಯನ ಮುಖ ನೋಡಿದೆ. ರಿಮ್ ದೀಪವನ್ನು ಪಕ್ಕಕ್ಕೆ ಸರಿಸಿದರೆ ನೆರಳು ಗೋಡೆಗೆ ಹೋಗುತ್ತದೆ, ಹತ್ತು ನಿಮಿಷದ ಕೆಲಸ.

ಹಿಂದೆ ಕೂತಿದ್ದ ಅಪ್ಪ ಮೇಷ್ಟ್ರಿಗೆ ಮೆಲ್ಲಗೆ ಹೇಳುತ್ತಿದ್ದರು. 'ತಲೆ ಎತ್ತಕ್ಕೆ ಆಗಲ್ಲ ನೋಡಿ ಹೊಲಿಯೋವಾಗ. ಗಿರಾಕಿ ಬಂದದ್ದು ಗೊತ್ತಾಗೋದೇ ಬಾಗಿಲಿಗೆ ನೆರಳು ಬಿದ್ದಾಗ.'

ದೀಪ ಸರಿಸಲಿಲ್ಲ. ನಟನಿಗೆ ಒಂದೇ ಮಾತು ಹೇಳಿದೆವು: ನೆರಳು ಮೆಟ್ಟಿಲಿಗೆ ಬಂದಾಗ ಕೈ ನಿಲ್ಲಲಿ, ತಲೆ ಮಾತ್ರ ಎತ್ತಬೇಡಿ. ನೀರು ಆರುತ್ತಾ ಬಂದದ್ದರಿಂದ ಮತ್ತೆರಡು ಡ್ರಮ್ಮು ಚೆಲ್ಲಬೇಕಾಯಿತು. ಒಂದು ಟೇಕನ್ನು ನಾಯಿಯೊಂದು ಹಾದುಹೋಗಿ ಕೆಡಿಸಿತು. ಐದನೇ ಟೇಕು ಸರಿಬಂತು, ಆಗ ಗಂಟೆ ಎರಡಾಗಿತ್ತು. ಮಾನಿಟರನ್ನು ಕಪ್ಪು ಬಿಳುಪಿಗೆ ತಿರುಗಿಸಿ ಮೇಷ್ಟ್ರಿಗೆ ತೋರಿಸಿದೆ. ಕೈ ಬೆಳ್ಳಗೆ, ಮುಖ ಬೂದಿ, ಓಣಿ ಕಪ್ಪು, ಕಪ್ಪಿನಲ್ಲೊಂದು ತೆಳು ಗೆರೆ. 'ಸಾಕು ಸಾರ್, ಬಿಚ್ಚಣ' ಎಂದು ಎದ್ದು ಹೋದರು.

ಇಂಥ ಶಾಟಿಗೆ ಒಂದು ದೌರ್ಬಲ್ಯವಿದೆ. ಸುತ್ತ ಕತ್ತಲಿದ್ದರಷ್ಟೇ ಅದರ ಕತ್ತಲು ನಿಲ್ಲುತ್ತದೆ. ಕಾಲೇಜೊಂದರ ಸಭಾಂಗಣದಲ್ಲಿ ತೋರಿಸಿದಾಗ ಪರದೆ ಸರಿಯಾಗಿ ಎಳೆಯದೆ ಕಪ್ಪೆಲ್ಲ ಬೂದಿಯಾಗಿ, ಗೋಡೆಯ ಕಲೆಗಳೆಲ್ಲ ಎದ್ದು ಕೂತವು. ಫೋನಿನಲ್ಲಿ ಹಗಲು ನೋಡಿದರೆ ಇದಕ್ಕೆ ತಿರುಗುಮುರುಗು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಮನೆಯ ಜಗಲಿಯಲ್ಲಿ ಅಪ್ಪನಿಗೆ ಫೋನಿನಲ್ಲೇ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಟೈಲರ್‌ನ ಕೈ ನಿಂತಾಗ, 'ಯಾಕೆ ನಿಲ್ಲಿಸ್ದ?' ಎಂದರು. ನಾನು ಮಗ ಬಂದನಲ್ಲ ಅಪ್ಪ ಎಂದೆ. 'ಎಲ್ಲಿ ಬಂದ? ಬರೀ ಕಪ್ಪು ಕಾಣುತ್ತೆ ನಂಗೆ.' ಪರದೆಯ ಮೇಲೆ ಬಿಸಿಲು, ಅವರ ಮುಖ, ಹಿಂದಿನ ತೆಂಗಿನ ಮರ, ಎಲ್ಲ ಕಾಣುತ್ತಿತ್ತು, ಓಣಿ ಒಂದು ಬಿಟ್ಟು. ಅವರನ್ನು ಒಳಗೆ ಕರೆದುಕೊಂಡು ಹೋಗಿ ಕೋಣೆಯ ಕಿಟಕಿ ಮುಚ್ಚಿದೆ, ಬಾಗಿಲು ಹಾಕಿದೆ, ಟ್ಯೂಬ್‌ಲೈಟ್ ಆರಿಸಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಇಬ್ಬರೂ ಮಂಚದ ಮೇಲೆ ಸುಮ್ಮನೆ ಕೂತೆವು. ಆಮೇಲೆ ಶಾಟನ್ನು ಮೊದಲಿನಿಂದ ಹಾಕಿದೆ.

'ಹಾಂ,' ಅಂದರು ಇಪ್ಪತ್ತನೇ ಸೆಕೆಂಡಿನಲ್ಲಿ. 'ಈಗ ಬಂದ.'